ಆರು ತಿಂಗಳ ಲೆಕ್ಕ ನಮಗಲ್ಲ: ಒಬ್ಬರ ದುಡಿಮೆಯ ರೈತ ಮನೆಗೆ ಆಪದ್ಧನ ಎಷ್ಟು ಬೇಕು, ಎಲ್ಲಿಡಬೇಕು?

ಮೊಬೈಲ್‌ನಲ್ಲಿ ಹಣಕಾಸಿನ ಯಾವ ವಿಡಿಯೊ ತೆರೆದರೂ ಒಂದೇ ಮಾತು ಕೇಳುತ್ತೆ: ಆರು ತಿಂಗಳ ಖರ್ಚಿನಷ್ಟು ಹಣ ಆಪತ್ತಿಗೆ ಅಂತ ಪಕ್ಕಕ್ಕಿಡಿ. ಹೇಳೋರ ತಪ್ಪೇನಿಲ್ಲ. ಅವರು ಮಾತಾಡ್ತಿರೋದು ತಿಂಗಳ ಸಂಬಳದವರ ಜೊತೆ. ಕೆಲಸ ಹೋದರೆ ಇನ್ನೊಂದು ಕೆಲಸ ಸಿಗೋಕೆ ನಾಲ್ಕಾರು ತಿಂಗಳು ಬೇಕು, ಅಲ್ಲಿವರೆಗೆ ಮನೆ ನಡೀಬೇಕು ಅನ್ನೋದು ಆ ಲೆಕ್ಕದ ಹಿಂದಿರುವ ವಿಚಾರ. ನಮಗೆ ಕೆಲಸ ಹೋಗೋದಿಲ್ಲ, ಬೆಳೆ ಹೋಗುತ್ತೆ. ಹೋದ ಬೆಳೆಯ ಜಾಗಕ್ಕೆ ಮುಂದಿನ ದುಡ್ಡು ಯಾವಾಗ ಬರುತ್ತೆ ಅನ್ನೋದನ್ನ ಆರು ತಿಂಗಳ ಸೂತ್ರ ಹೇಳಲ್ಲ, ನಮ್ಮ ಬೆಳೆ ಕ್ಯಾಲೆಂಡರ್ ಹೇಳುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಒಬ್ಬರೇ ದುಡಿಯುವ ರೈತ ಮನೆಯಲ್ಲಿ ಆಪದ್ಧನದ ಅಳತೆ ತಿಂಗಳ ಖರ್ಚಿನಿಂದ ಶುರುವಾಗಬಾರದು, ಎರಡು ಬಟವಾಡೆಗಳ ನಡುವಿನ ಅಂತರದಿಂದ ಶುರುವಾಗಬೇಕು. ಆ ಹಣ ಇಡೋ ಜಾಗವನ್ನ ಬಡ್ಡಿ ನೋಡಿ ಆರಿಸಬಾರದು. ದುಡಿಯೋ ಮನುಷ್ಯ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದಾಗ ಮನೆಯಲ್ಲಿರುವವರ ಕೈಗೆ ಅದು ಸಿಗುತ್ತಾ ಅಂತ ನೋಡಿ ಆರಿಸಬೇಕು.

'ಒಬ್ಬರೇ ದುಡಿಯುವ ಮನೆ' ಅಂದರೇನು ಅಂತಲೂ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಹೆಂಡತಿ ಗದ್ದೆಗಿಳಿಯದ ಮನೆ ಕಡಿಮೆ. ಕಳೆ, ಕಟಾವು, ಹಸು ಎಲ್ಲದರಲ್ಲೂ ಆಕೆಯ ಕೈ ಇರುತ್ತೆ. ಆದರೆ ಪಹಣಿ, ಫ್ರೂಟ್ಸ್ ಐಡಿ, ಬೆಳೆ ಸಾಲ, ಮಂಡಿಯವರ ಪರಿಚಯ, ಬ್ಯಾಂಕ್ ಖಾತೆ, ಫೋನಿನ ಪಿನ್ ಎಲ್ಲ ಒಬ್ಬನ ಹೆಸರಲ್ಲಿ. ದುಡಿಯೋ ಕೈ ಎರಡಾದರೂ ದುಡ್ಡಿನ ಬಾಗಿಲು ಒಂದೇ. ನಾನು ಒಬ್ಬರ ದುಡಿಮೆ ಅಂತ ಕರೆಯೋದು ಈ ಮನೆಗಳನ್ನೇ.

ಒಂದು ಮನೆಯ ಲೆಕ್ಕ

ನನ್ನ ಚಿಕ್ಕಪ್ಪನ ಮಗ ಗುಂಡ್ಲುಪೇಟೆ ಕಡೆ ಮೂರೂವರೆ ಎಕರೆ ಮಾಡ್ತಾನೆ. ಒಂದೂವರೆ ಎಕರೆ ಅರಿಶಿನ, ಒಂದು ಎಕರೆ ಏಲಕ್ಕಿ ಬಾಳೆ, ಉಳಿದದ್ದರಲ್ಲಿ ರಾಗಿ ಮತ್ತು ಮನೆಗಾಗುವಷ್ಟು ಕಾಳು. ಒಂದು ಬೋರ್‌ವೆಲ್, ಎರಡು ಹಸು. ಮನೆಯಲ್ಲಿ ಹೆಂಡತಿ, ನಾಲ್ಕನೇ ಕ್ಲಾಸಿನ ಮಗಳು, ಅಂಗನವಾಡಿಗೆ ಹೋಗೋ ಮಗ, ಬಿಪಿ ಶುಗರ್ ಎರಡೂ ಇರುವ ತಾಯಿ. ಹೋದ ಯುಗಾದಿಗೆ ಹೋದಾಗ ಕೂತು ಲೆಕ್ಕ ಹಾಕಿದೆವು. ಅದನ್ನೇ ಇಲ್ಲಿ ಕೊಡ್ತೀನಿ. ನಿಮ್ಮ ಮೊತ್ತ ಬೇರೆ ಇರುತ್ತೆ, ಲೆಕ್ಕದ ದಾರಿ ಇದೇ.

ಮೊದಲು, ನಿಲ್ಲಿಸೋಕೆ ಆಗದ ಮನೆ ಖರ್ಚು. ದಿನಸಿ, ಗ್ಯಾಸ್, ತಾಯಿಯ ಮಾತ್ರೆ, ಮಕ್ಕಳ ಸ್ಕೂಲು, ಪೆಟ್ರೋಲು, ಫೋನ್ ರೀಚಾರ್ಜು. ಹಬ್ಬ, ಜಾತ್ರೆ, ಬಟ್ಟೆ, ಮದುವೆ ಮುಯ್ಯಿ ಸೇರಿಸಲಿಲ್ಲ. ತಿಂಗಳಿಗೆ 14,000 ರೂಪಾಯಿ ಬಂತು. ಹಾಲಿನ ಬಟವಾಡೆಯಲ್ಲಿ ಹಿಂಡಿ, ಬೂಸ ಕಳೆದು ಸುಮಾರು 5,000 ಉಳಿಯುತ್ತೆ. ಅಂದರೆ ಬೆಳೆಯ ದುಡ್ಡಿನಿಂದ ಬರಲೇಬೇಕಾದದ್ದು ತಿಂಗಳಿಗೆ 9,000.

ಎರಡನೆಯದು ಅಂತರ. ಅವನಿಗೆ ದೊಡ್ಡ ದುಡ್ಡು ಬರೋದು ವರ್ಷಕ್ಕೆ ಎರಡೇ ಸಲ. ಜನವರಿ, ಫೆಬ್ರವರಿಯಲ್ಲಿ ಅರಿಶಿನ ಕಿತ್ತು, ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿ ಈರೋಡಿಗೆ ಕಳಿಸಿ, ದುಡ್ಡು ಕೈಗೆ ಬರುವಾಗ ಏಪ್ರಿಲ್ ಕೊನೆ. ಬಾಳೆ ಗೊನೆ ಜೂನ್, ಜುಲೈನಲ್ಲಿ ಕಟಾವು. ಅರಿಶಿನದ ದುಡ್ಡಿನಲ್ಲಿ ಕೂಲಿ ಬಾಕಿ, ಬೆಳೆ ಸಾಲ, ಹೊಸ ಬಿತ್ತನೆ ತೀರಿ ಮೂರು ತಿಂಗಳು ಮನೆ ನಡೆಯುತ್ತೆ. ಬಾಳೆ ದುಡ್ಡಿನಲ್ಲಿ ಆಗಸ್ಟ್‌ನಿಂದ ಮುಂದಿನ ಏಪ್ರಿಲ್‌ವರೆಗೆ ಒಂಬತ್ತು ತಿಂಗಳು ನಡೆಯಬೇಕು.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಮಾಮೂಲಿ ವರ್ಷದಲ್ಲಿ ಆ ಒಂಬತ್ತು ತಿಂಗಳು ಸಾಗಿಸೋದು ಆಪದ್ಧನದ ಕೆಲಸ ಅಲ್ಲ, ಅದು ಬಾಳೆ ದುಡ್ಡಿನ ಕೆಲಸ. ಆಪದ್ಧನ ಬೇಕಾಗೋದು ಎರಡು ಬಟವಾಡೆಗಳಲ್ಲಿ ಒಂದು ಬಾರದೇ ಹೋದಾಗ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಯಾವ ಬೆಳೆ ಹೋದರೆ ಅದರ ಮುಂದಿರುವ ಖಾಲಿ ದಾರಿ ಉದ್ದ? ಗೆಡ್ಡೆ ಕೊಳೆ ಬಂದು ಅರಿಶಿನ ಹೋದರೆ ಮೇಯಿಂದ ಜುಲೈವರೆಗೆ, ಮೂರು ತಿಂಗಳು. ಏಪ್ರಿಲ್, ಮೇ ಗಾಳಿಮಳೆಗೆ ಗೊನೆ ತುಂಬಿದ ಬಾಳೆ ಮಲಗಿಬಿಟ್ಟರೆ ಒಂಬತ್ತು ತಿಂಗಳು. ಅರಿಶಿನದ್ದೇ ದೊಡ್ಡ ದುಡ್ಡು ಅಂತ ಅವನ ಭಯವೆಲ್ಲ ಅರಿಶಿನದ ಮೇಲಿತ್ತು. ಮನೆ ಖರ್ಚಿನ ಕಣ್ಣಲ್ಲಿ ನೋಡಿದರೆ ಅಪಾಯ ಇದ್ದದ್ದು ಬಾಳೆಯಲ್ಲಿ. ಒಂಬತ್ತು ತಿಂಗಳಿಗೆ 9,000ದಂತೆ 81,000 ರೂಪಾಯಿ.

ಮೂರನೆಯದು, ದುಡಿಯೋನು ಮಲಗಿದರೆ. ಕಾಲು ಮುರಿದುಕೊಂಡು ಮೂರು ತಿಂಗಳು ಹೊಲಕ್ಕಿಳಿಯೋಕೆ ಆಗಲಿಲ್ಲ ಅಂತ ಇಟ್ಕೊಳ್ಳಿ. ನೀರು ಹಾಯಿಸೋಕೆ, ಜೀವಾಮೃತ ಕೊಡೋಕೆ, ಬಾಳೆಗೆ ಗಳ ಕಟ್ಟೋಕೆ ಆಳು ಬೇಕು. ಅವನು ದಿನಾ ಮಾಡೋ ಕೆಲಸವನ್ನ ತಿಂಗಳಿಗೆ ಹನ್ನೆರಡು ಆಳಿಗೆ ಇಳಿಸಿದೆವು. ಆಳಿಗೆ 600ರಂತೆ ತಿಂಗಳಿಗೆ 7,200, ಮೂರು ತಿಂಗಳಿಗೆ 21,600.

ನಾಲ್ಕನೆಯದು ಆಸ್ಪತ್ರೆಯ ಕೈ ಖರ್ಚು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ವೆಚ್ಚದ ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಇವುಗಳನ್ನ ಮಾಡಿಸಿಟ್ಟುಕೊಳ್ಳಿ. ಆದರೆ ಮೈಸೂರಿಗೆ ಹೋಗೋ ಗಾಡಿ, ಅನುಮತಿ ಬರೋ ಮೊದಲು ಬರೆದುಕೊಡೋ ಸ್ಕ್ಯಾನು, ಜೊತೆಗಿರೋರ ಊಟ ವಸತಿ, ಮನೆಗೆ ಬಂದ ಮೇಲಿನ ಮಾತ್ರೆ ಇವೆಲ್ಲ ಜೇಬಿನಿಂದಲೇ ಹೋಗೋದು. ಇದಕ್ಕೆ 40,000 ಇಟ್ಟೆವು. ಯಾವ ಕಾರ್ಡೂ ಇಲ್ಲದ ಮನೆಗೆ ಇದು ಸಾಲೋದಿಲ್ಲ. ಆದರೆ ಆ ಕೊರತೆಯನ್ನ ಉಳಿತಾಯದಿಂದ ತುಂಬೋಕೆ ಹೋಗಬೇಡಿ, ಆರೋಗ್ಯ ವಿಮೆಯಿಂದ ತುಂಬಿ.

ಇಷ್ಟೆಲ್ಲ ಬರೆದ ಮೇಲೆ ತಮ್ಮ ಕೇಳಿದ: "ಅಣ್ಣ, ಬೆಳೆ ಹೋಗೋದೂ ಕಾಲು ಮುರಿಯೋದೂ ಒಂದೇ ವರ್ಷ ಆಗುತ್ತಾ? ಯಾವುದು ದೊಡ್ಡದೋ ಅದನ್ನ ಇಟ್ಕೊಂಡ್ರೆ ಸಾಲದಾ?"

ಸಂಬಳದವರ ಮನೆಯಾಗಿದ್ದರೆ ಸಾಕು ಅಂತಿದ್ದೆ. ಅವರು ರಜೆ ಹಾಕಿ ಮಲಗಿದರೂ ಆಫೀಸು ನಡೆಯುತ್ತೆ. ನಮ್ಮಲ್ಲಿ ಯಜಮಾನ ಮಲಗಿದ ವಾರವೇ ಜೋರು ಮಳೆ ಬಂದು, ಅರಿಶಿನದ ಪಾತಿಯಲ್ಲಿ ನಿಂತ ನೀರಿಗೆ ಬಸಿಗಾಲುವೆ ಬಿಡಿಸೋರಿಲ್ಲದೆ ಗೆಡ್ಡೆ ಕೊಳೆಯುತ್ತೆ. ಗಳ ಕೊಡದ ಬಾಳೆ ಮೊದಲ ಗಾಳಿಗೇ ಮಲಗುತ್ತೆ. ಇವು ಎರಡು ಬೇರೆ ಬೇರೆ ಆಪತ್ತಲ್ಲ, ಒಂದು ಇನ್ನೊಂದನ್ನ ಕರ್ಕೊಂಡು ಬರುತ್ತೆ. ಅದಕ್ಕೇ ಒಬ್ಬರ ದುಡಿಮೆಯ ಮನೆಯಲ್ಲಿ ಇವನ್ನ ಕೂಡಿಸಲೇಬೇಕು ಅಂತ ನಾನು ವಾದ ಮಾಡೋದು.

81,000, 21,600, 40,000 ಕೂಡಿದರೆ 1,42,600. ಹೆಂಡತಿಗೇ ಹುಷಾರಿಲ್ಲದೆ ಎರಡು ತಿಂಗಳು ಹಾಲು ನಿಂತರೆ ಅಂತ ಸ್ವಲ್ಪ ಸೇರಿಸಿ ಒಂದೂವರೆ ಲಕ್ಷಕ್ಕೆ ತಂದೆವು. ವಿಡಿಯೊದ ಆರು ತಿಂಗಳ ಲೆಕ್ಕ ಹಿಡಿದಿದ್ದರೆ 84,000ಕ್ಕೆ ನಿಲ್ಲಿಸಿಬಿಡುತ್ತಿದ್ದ.

ಇದೇ ಲೆಕ್ಕ ನಿಮ್ಮನ್ನ ಕೆಳಕ್ಕೂ ತರಬಹುದು. ವಾರಕ್ಕೆರಡು ಸಲ ಸೊಪ್ಪು, ಬೀನ್ಸು, ಹೂವು ಮಾರ್ಕೆಟ್ಟಿಗೆ ಹಾಕೋರಿಗೆ ಒಂದು ಬೆಳೆ ಹೋದರೆ ಮುಂದಿನದಕ್ಕೆ ಎರಡು ಮೂರು ತಿಂಗಳ ಅಂತರ ಅಷ್ಟೆ. ಅವರಿಗೆ ಇದರ ಅರ್ಧ ಸಾಕಾಗಬಹುದು. ದಾಳಿಂಬೆಯಂತೆ ವರ್ಷಕ್ಕೊಂದೇ ಬಹಾರ್ ನಂಬಿದವರಿಗೆ ಪೂರಾ ಹನ್ನೆರಡು ತಿಂಗಳು ಬೇಕು, ದುಂಡಾಣು ಅಂಗಮಾರಿ ಬಂದರೆ ಆ ವರ್ಷ ಮುಗಿದಂತೆ. ಹೊಸದಾಗಿ ಸಾವಯವಕ್ಕೆ ಬರ್ತಿರೋರಿಗೆ ನಮ್ಮ ಅನುಭವದ ಒಂದು ಮಾತು: ಪ್ರಮಾಣಪತ್ರಕ್ಕೆ ಮೊದಲಿನ ಪರಿವರ್ತನೆ ಅವಧಿ ವಾರ್ಷಿಕ ಬೆಳೆಗೆ ಎರಡು ವರ್ಷ, ಬಹುವಾರ್ಷಿಕಕ್ಕೆ ಮೂರು ವರ್ಷ ಇರುತ್ತೆ. ಆಗ ಇಳುವರಿ ಇಳಿದಿರುತ್ತೆ, ಸಾವಯವದ ಬೆಲೆ ಇನ್ನೂ ಸಿಕ್ಕಿರಲ್ಲ. ಆಪದ್ಧನ ತುಂಬಿಕೊಂಡ ಮೇಲೆ ಪರಿವರ್ತನೆಗೆ ಇಳಿಯೋದು ಒಳ್ಳೇದು, ಇಲ್ಲವಾದರೆ ಅರ್ಧ ಎಕರೆಯಿಂದ ಶುರುಮಾಡಿ.

ಇದಕ್ಕೆ ಸೇರದ ಖರ್ಚುಗಳು

ಮೋಟಾರ್ ಸುಟ್ಟು ಹೋಗೋದು ಆಪತ್ತಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಆಗೇ ಆಗುತ್ತೆ ಅಂತ ಗೊತ್ತಿರೋ ಖರ್ಚು ಅದು, ಬೇಸಾಯದ ಲೆಕ್ಕಕ್ಕೆ ಹಾಕಿ. ಸ್ಕೂಲ್ ಫೀಸು, ತಂಗಿ ಮದುವೆ ಇವಕ್ಕೆ ತಾರೀಖು ಇರುತ್ತೆ. ತಾರೀಖು ಇರೋದಕ್ಕೆ ಬೇರೆ ಗಂಟು. ಹೊಸ ಬೋರ್ ಕೊರೆಸೋದಂತೂ ಜೂಜು. ನೀರು ಬರದೇ ಹೋದ ಬೋರಿಗೆ ಆಪದ್ಧನ ಹಾಕಿದ ಮನೆಗಳನ್ನ ನಾನು ನಮ್ಮ ಸುತ್ತಮುತ್ತ ನೋಡಿದೀನಿ. ಬೋರು ಬತ್ತಿದ ವರ್ಷವೇ ಮನೆಗೆ ಆ ಹಣದ ಅಗತ್ಯ ಜಾಸ್ತಿ ಅನ್ನೋದು ಆ ಆತುರದಲ್ಲಿ ಕಾಣಲ್ಲ.

ಮುಂದಿನ ಬೆಳೆ ಎಬ್ಬಿಸೋ ಖರ್ಚನ್ನೂ ನಾನು ಇದರಲ್ಲಿ ಸೇರಿಸಲ್ಲ. ಅರಿಶಿನ ಕೊಳೆತರೆ ಬಿತ್ತನೆ ಗೆಡ್ಡೆಯನ್ನೂ ಹೊರಗಿಂದಲೇ ತರಬೇಕು. ಎಕರೆಗೆ ಎಂಟರಿಂದ ಹತ್ತು ಕ್ವಿಂಟಲ್ ಬೇಕಾಗೋ ಬೆಳೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಆದರೆ ಬೆಳೆ ಸಾಲ ಇರೋದೇ ಅದಕ್ಕೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ ನಿಗದಿ ಮಾಡುವಾಗ ಮನೆ ಖರ್ಚಿಗೆ ಅಂತ ಶೇ. 10 ಸೇರಿಸಿರುತ್ತಾರೆ, ಹಾಗಾಗಿ ಆಪದ್ಧನವೇ ಬೇಡ, ಕೆಸಿಸಿ ಸಾಕು ಅನ್ನೋರೂ ಇದ್ದಾರೆ. ನಾನು ಒಪ್ಪಲ್ಲ. ಬೆಳೆ ನಿಂತಿರೋ ಕಾಲಕ್ಕೆ ಆ ಮಿತಿ ಸಾಮಾನ್ಯವಾಗಿ ಪೂರ್ತಿ ಎತ್ತಿಯಾಗಿರುತ್ತೆ. ಸಹಕಾರ ಸಂಘದ ಶೂನ್ಯ ಬಡ್ಡಿ ಸಾಲವೂ ಗಡುವಿನೊಳಗೆ ಕಟ್ಟಿದರೆ ಮಾತ್ರ ಶೂನ್ಯ ಬಡ್ಡಿ.

ದುಡಿಯೋನೇ ತೀರಿಕೊಂಡರೆ? ಅದನ್ನ ಉಳಿತಾಯದಿಂದ ತುಂಬೋಕೆ ಆಗಲ್ಲ, ಅದು ವಿಮೆಯ ಕೆಲಸ. ಬ್ಯಾಂಕಿನಲ್ಲೇ ಸಿಗೋ ಜೀವನ್ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ಅಪಘಾತ ವಿಮೆಗೆ 20 ರೂಪಾಯಿ. ಎರಡರಲ್ಲೂ 2 ಲಕ್ಷದ ರಕ್ಷಣೆ. ಮೇ ಕೊನೆಗೆ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ನವೀಕರಣ ಆಗಲ್ಲ, ಅಷ್ಟು ನೋಡಿಕೊಳ್ಳಿ. ಇಷ್ಟೇ ಸಾಲದು, ಟರ್ಮ್ ವಿಮೆ ಬೇಕು. ಅದರ ಬಗ್ಗೆ ಬೇರೆಯದೇ ಬರೆಯಬೇಕು.

ಯಾರ ಕೈಗೆ ಸಿಗುತ್ತೆ?

ಮೊತ್ತ ನಿಕ್ಕಿಯಾದ ಮೇಲೆ ತಮ್ಮ ಹೇಳಿದ, ನನ್ನ ಉಳಿತಾಯ ಖಾತೆಯಲ್ಲೇ ಇಡ್ತೀನಿ, ಹೆಂಡತೀನ ನಾಮಿನಿ ಮಾಡಿದೀನಿ ಅಂತ. ಅವನ ಹೆಂಡತಿ ಅಡುಗೆ ಮನೆಯಿಂದಲೇ ಕೇಳಿದಳು: "ಭಾವ, ಇವ್ರು ಐಸಿಯುನಲ್ಲಿ ಮಲಗಿದ್ರೆ ನಾಮಿನಿ ಅಂತ ಹೇಳಿ ನಾನು ದುಡ್ಡು ತಗೋಬಹುದಾ?"

ತಗೋಳೋಕೆ ಆಗಲ್ಲ. ನಾಮಿನಿಗೆ ಹಣ ಸಿಗೋದು ಖಾತೆದಾರ ತೀರಿಕೊಂಡ ಮೇಲೆ. ಬದುಕಿದ್ದು ಸಹಿ ಹಾಕೋಕೆ ಆಗದ ಸ್ಥಿತಿಯಲ್ಲಿ ಇದ್ದರೆ ನಾಮಿನಿಗೆ ಖಾತೆಯ ಮೇಲೆ ಯಾವ ಅಧಿಕಾರವೂ ಇಲ್ಲ. ಒಬ್ಬರ ದುಡಿಮೆಯ ಮನೆಯಲ್ಲಿ ಅತಿ ಹೆಚ್ಚು ದುಡ್ಡು ಬೇಕಾಗೋದು ಇದೇ ಸ್ಥಿತಿಯಲ್ಲಿ. ಗಂಡನ ಪಿನ್ ಹೆಂಡತಿಗೆ ಗೊತ್ತು, ಅಷ್ಟು ಸಾಕಲ್ವಾ ಅಂತ ಕೇಳಬಹುದು. ಬೈಕಿನಿಂದ ಬಿದ್ದವನ ಫೋನೂ ಅವನ ಜೊತೆಗೇ ಒಡೆದಿರುತ್ತೆ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ಯುಪಿಐ ಹೊಸದಾಗಿ ನೋಂದಾಯಿಸಿದರೆ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಹೋಗಲ್ಲ. ಮೋಸ ತಡೆಯೋಕೆ ಮಾಡಿರೋ ಒಳ್ಳೆಯ ನಿಯಮವೇ, ಆದರೆ ಆಸ್ಪತ್ರೆಯ ಕೌಂಟರ್ ಮುಂದೆ ನಿಂತವರಿಗೆ ಅದು ಗೋಡೆ.

ಹಾಗಾಗಿ ನಾವು ಹೀಗೆ ಹಂಚಿದೆವು.

ಮನೆಯಲ್ಲಿ ನಗದು 10,000. ಮೊದಲ ರಾತ್ರಿಗೆ ಅಷ್ಟೆ: ಗಾಡಿ, ಅಡ್ಮಿಷನ್, ಔಷಧಿ. ಸರ್ವರ್ ಇಲ್ಲ, ನೆಟ್‌ವರ್ಕ್ ಇಲ್ಲ ಅನ್ನೋ ಸಮಯಕ್ಕೆ. ಇದಕ್ಕಿಂತ ಹೆಚ್ಚು ಮನೆಯಲ್ಲಿದ್ದರೆ ಗೊಬ್ಬರಕ್ಕೋ ಕೂಲಿಗೋ ಕರಗುತ್ತೆ.

ಎರಡನೆಯದು 40,000, ಗಂಡ ಹೆಂಡತಿಯ ಜಂಟಿ ಉಳಿತಾಯ ಖಾತೆಯಲ್ಲಿ. ಖಾತೆ ತೆರೆಯೋ ಅರ್ಜಿಯಲ್ಲಿ 'ಐದರ್ ಆರ್ ಸರ್ವೈವರ್' ಅನ್ನೋ ಆಯ್ಕೆಗೇ ಗುರುತು ಹಾಕಬೇಕು. ಆಗ ಇಬ್ಬರಲ್ಲಿ ಯಾರು ಬೇಕಾದರೂ ಒಬ್ಬರೇ ಹೋಗಿ ತೆಗೆಯಬಹುದು. 'ಜಾಯಿಂಟ್ಲಿ' ಅಂತ ಗುರುತಾಗಿದ್ದರೆ ಪ್ರತಿ ಸಲ ಇಬ್ಬರ ಸಹಿ ಬೇಕು, ನಮ್ಮ ಉದ್ದೇಶವೇ ಕೆಟ್ಟಿತು. ಆಕೆಯ ಹೆಸರಿಗೆ ಬೇರೆ ಎಟಿಎಂ ಕಾರ್ಡು, ಆಕೆಯ ಫೋನಿನಲ್ಲಿ ಆಕೆಯದೇ ಯುಪಿಐ. ಕಾರ್ಡಿನ ದಿನದ ಮಿತಿ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ, ಬ್ಯಾಂಕಿನಿಂದ ಬ್ಯಾಂಕಿಗೆ, ಕಾರ್ಡಿನಿಂದ ಕಾರ್ಡಿಗೆ ಬೇರೆ ಇರುತ್ತೆ.

ಈ ಖಾತೆ ನಿಮಗೆ ಸಾಲ ಇರೋ ಬ್ಯಾಂಕಿನಲ್ಲಿ ಬೇಡ. ಸಾಲ ಗಡುವು ಮೀರಿದರೆ ಅದೇ ಬ್ಯಾಂಕಿನಲ್ಲಿರುವ ನಿಮ್ಮ ಠೇವಣಿಯನ್ನ ಸಾಲಕ್ಕೆ ಹೊಂದಿಸಿಕೊಳ್ಳೋ ಹಕ್ಕು ಬ್ಯಾಂಕಿಗಿದೆ. ಬೆಳೆ ಹೋದ ವರ್ಷವೇ ಸಾಲ ಗಡುವು ಮೀರೋದು, ಅದೇ ವರ್ಷ ಆಪದ್ಧನ ಬೇಕಾಗೋದು. ಎರಡನ್ನ ಒಂದೇ ಸೂರಿನಡಿ ಇಡಬಾರದು. ಸಾಲ ಸೊಸೈಟಿಯಲ್ಲಿದ್ದರೆ ಆಪದ್ಧನ ಪಟ್ಟಣದ ಬ್ಯಾಂಕಿನಲ್ಲಿರಲಿ, ಸಾಲ ಬ್ಯಾಂಕಿನಲ್ಲಿದ್ದರೆ ಇನ್ನೊಂದು ಬ್ಯಾಂಕಿನಲ್ಲಿ ಅಥವಾ ಅಂಚೆ ಕಚೇರಿಯಲ್ಲಿರಲಿ.

ಉಳಿದ ಒಂದು ಲಕ್ಷ ಎಫ್‌ಡಿಯಲ್ಲಿ, ಒಂದೇ ಬಾಂಡ್ ಅಲ್ಲ, 25,000ದ ನಾಲ್ಕು. ಒಂದು ಮುರಿದರೆ ಉಳಿದ ಮೂರರ ಬಡ್ಡಿ ಕೆಡಲ್ಲ. ಅವಧಿಗೆ ಮೊದಲು ಮುರಿದರೆ ಬಡ್ಡಿಯಲ್ಲಿ ಸ್ವಲ್ಪ ಹಿಡಿಯುತ್ತಾರೆ, ಅಸಲಿಗೆ ಏನೂ ಆಗಲ್ಲ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಜಂಟಿ ಎಫ್‌ಡಿಗೆ ಐದರ್ ಆರ್ ಸರ್ವೈವರ್ ಅಂತ ಇದ್ದರೂ, ಅವಧಿಗೆ ಮೊದಲು ಮುರಿಯೋಕೆ ಬ್ಯಾಂಕುಗಳು ಸಾಮಾನ್ಯವಾಗಿ ಇಬ್ಬರ ಸಹಿಯನ್ನೂ ಕೇಳುತ್ತವೆ. ಒಬ್ಬರ ಸಹಿಯಲ್ಲೇ ಮುರಿಯಬಹುದು ಅಂತ ಮೊದಲೇ ಇಬ್ಬರೂ ಬರೆದುಕೊಟ್ಟಿರಬೇಕು. ಉಳಿತಾಯ ಖಾತೆ ಥರಾನೇ ಇದೂ ಅಂದುಕೊಂಡವರು ಇಲ್ಲಿ ಸಿಕ್ಕಿಹಾಕಿಕೊಳ್ತಾರೆ. ನನ್ನ ಸಲಹೆ ಸರಳ: ಎಫ್‌ಡಿಗಳು ಹೆಂಡತಿ ಒಬ್ಬಳ ಹೆಸರಲ್ಲೇ ಇರಲಿ, ಗಂಡ ನಾಮಿನಿ ಆಗಲಿ. ಗಂಡಸರು ಮುಖ ಸಣ್ಣ ಮಾಡ್ಕೊಳ್ತಾರೆ, ಗೊತ್ತು. ಪಹಣಿ ನಿಮ್ಮ ಹೆಸರಲ್ಲಿದೆ, ಇದಾದರೂ ಆಕೆಯ ಹೆಸರಲ್ಲಿರಲಿ.

ಜಾಸ್ತಿ ಬಡ್ಡಿಯ ಆಸೆ

ಊರಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಲ್ಲಿ ಬಡ್ಡಿ ಬ್ಯಾಂಕಿಗಿಂತ ಒಂದೆರಡು ಪರ್ಸೆಂಟ್ ಜಾಸ್ತಿ, ಗುರುತಿನ ಜನ ಬೇರೆ. ಎಲ್ಲ ಸಂಘವೂ ಕೆಟ್ಟದ್ದು ಅಂತ ನಾನು ಹೇಳಲ್ಲ. ಆದರೆ ಬ್ಯಾಂಕ್ ಠೇವಣಿಗೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇರುತ್ತೆ, ಡಿಐಸಿಜಿಸಿ ಅನ್ನೋ ಸಂಸ್ಥೆ ಕೊಡೋದು. ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಸೇರಿವೆ. ಪ್ರಾಥಮಿಕ ಸಹಕಾರ ಸಂಘ, ಪತ್ತಿನ ಸಂಘಗಳು ಸೇರಿಲ್ಲ. ಬೋರ್ಡಿನಲ್ಲಿ 'ಬ್ಯಾಂಕ್' ಅಂತಿದೆಯೋ 'ಸಂಘ' ಅಂತಿದೆಯೋ ಓದಿ, ಅನುಮಾನ ಇದ್ದರೆ ಡಿಐಸಿಜಿಸಿ ವೆಬ್‌ಸೈಟಿನ ಪಟ್ಟಿಯಲ್ಲಿ ಹುಡುಕಿ.

ವಿಮೆ ಇದ್ದರೂ ಸಮಯದ ಪ್ರಶ್ನೆ ಬೇರೆ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಠೇವಣಿದಾರರು ಮೊದಲಿಗೆ 35,000 ರೂಪಾಯಿ ಮಾತ್ರ ತೆಗೆಯಬಹುದಿತ್ತು. ಇಂಥ ಸಂದರ್ಭದಲ್ಲಿ 90 ದಿನದೊಳಗೆ ವಿಮೆ ಹಣ ಕೊಡಬೇಕು ಅಂತ 2021ರಲ್ಲಿ ಕಾನೂನು ತಿದ್ದುಪಡಿ ಆಯ್ತು. ದೊಡ್ಡ ಸುಧಾರಣೆ. ಆದರೂ ತೊಂಬತ್ತು ದಿನ ಕಾಯೋ ಹಣವನ್ನ ಆಪದ್ಧನ ಅಂತ ಕರೆಯೋಕಾಗಲ್ಲ. ನನ್ನ ಮಟ್ಟಿಗೆ ಈ ಒಂದು ಗಂಟು ದೊಡ್ಡ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಬೇಕು, ಬಡ್ಡಿ ಕಡಿಮೆ ಆದರೂ ಸರಿ. ಒಂದು ಲಕ್ಷಕ್ಕೆ ಒಂದೂವರೆ ಪರ್ಸೆಂಟ್ ವ್ಯತ್ಯಾಸ ಅಂದರೆ ವರ್ಷಕ್ಕೆ 1,500 ರೂಪಾಯಿ.

ಕುರಿ, ಮೇಕೆ ನಮ್ಮ ಎಟಿಎಂ ಅಂತಾರೆ. ಮಾಮೂಲಿ ದಿನಕ್ಕೆ ನಿಜ. ಬರಗಾಲದಲ್ಲಿ ಇಡೀ ಊರು ಒಂದೇ ವಾರ ಸಂತೆಗೆ ಹೊಡ್ಕೊಂಡು ಹೋಗುತ್ತೆ, ರೇಟು ಬಿದ್ದಿರುತ್ತೆ. ಗೋದಾಮಿನಲ್ಲಿಟ್ಟ ಅರಿಶಿನದ ಮೂಟೆಯೂ ಅಷ್ಟೇ, ಮಾರಲೇಬೇಕಾದ ದಿನ ಬೆಲೆ ನಮ್ಮ ಕೈಲಿರಲ್ಲ. ಚೀಟಿಯಲ್ಲಿ ನಮ್ಮ ಸರದಿಗೆ ಆಪತ್ತು ಕಾಯಲ್ಲ. ಚಿನ್ನ ಇವೆಲ್ಲದಕ್ಕಿಂತ ವಾಸಿ. ಆಪದ್ಧನ ಮುಗಿದ ಮೇಲೂ ಕಷ್ಟ ಮುಗಿದಿಲ್ಲ ಅಂದಾಗ ಬ್ಯಾಂಕಿನಲ್ಲಿಟ್ಟು ಸಾಲ ತರೋಕೆ ಅದು ಎರಡನೇ ಬಾಗಿಲು. ಮೊದಲನೇದಲ್ಲ, ಯಾಕಂದರೆ ಶನಿವಾರ ರಾತ್ರಿ ಬ್ಯಾಂಕ್ ತೆಗೆದಿರಲ್ಲ.

ಕೈಸಾಲ ಇರುವಾಗ ಉಳಿತಾಯ ಯಾಕೆ?

ತಮ್ಮನ ಕೊನೆಯ ವಾದ ಗಟ್ಟಿಯಾಗಿತ್ತು. ಅವನ ಮೇಲೆ 50,000 ಕೈಸಾಲ ಇದೆ, ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 1,500 ಬಡ್ಡಿ ಕಟ್ತಾ, ಇತ್ತ ಅಷ್ಟೇ ಹಣವನ್ನ ಆರೂವರೆ ಪರ್ಸೆಂಟಿಗೆ ಎಫ್‌ಡಿ ಇಟ್ಟರೆ ಬರೋದು ತಿಂಗಳಿಗೆ 270 ರೂಪಾಯಿ. "ಇದು ಯಾವ ನ್ಯಾಯ ಅಣ್ಣ?"

ನ್ಯಾಯ ಅವನ ಕಡೆಗೇ ಇದೆ, ಒಂದು ಮೊತ್ತದವರೆಗೆ ಬಿಟ್ಟು. ಆಸ್ಪತ್ರೆಯ ಆ 40,000 ಮೊದಲು ತುಂಬಬೇಕು. ಅದಿಲ್ಲದೆ ಕೈಸಾಲ ಪೂರ್ತಿ ತೀರಿಸಿದರೆ, ಮುಂದಿನ ತಿಂಗಳು ತಾಯಿಗೆ ಹುಷಾರು ತಪ್ಪಿದಾಗ ಅದೇ ಮನೆ ಬಾಗಿಲಿಗೆ ಹೋಗಬೇಕು. ಆಗ ಮೂರು ರೂಪಾಯಿ ನಾಲ್ಕಾಗಿರಬಹುದು. 40,000 ಆದ ಮೇಲೆ ಬರೋ ಉಳಿಕೆಯೆಲ್ಲ ಕೈಸಾಲಕ್ಕೆ ಹೋಗಲಿ, ಅದು ತೀರೋವರೆಗೆ ಎಫ್‌ಡಿ ಬೇಡ. ಆಮೇಲೆ ಉಳಿದದ್ದನ್ನ ಕಟ್ಟುತ್ತಾ ಹೋಗಬಹುದು. ಗಡುವಿನೊಳಗಿರೋ ಶೂನ್ಯ ಬಡ್ಡಿ ಬೆಳೆ ಸಾಲವನ್ನ ಮಾತ್ರ ಅವಸರದಲ್ಲಿ ತೀರಿಸಬೇಕಿಲ್ಲ, ಗಡುವಿಗೆ ಸರಿಯಾಗಿ ಕಟ್ಟಿದರೆ ಸಾಕು.

ಹಣ ಕಟ್ಟೋಕೆ ತಿಂಗಳ ಕಂತು ನಮಗೆ ಹೊಂದಲ್ಲ. ಆರ್‌ಡಿ ಶುರು ಮಾಡಿ ಅಕ್ಟೋಬರ್‌ನಲ್ಲಿ ನಿಲ್ಲಿಸಿದವರೇ ಹೆಚ್ಚು. ಈರೋಡಿನ ದುಡ್ಡು ಖಾತೆಗೆ ಬಿದ್ದ ದಿನ, ಗೊಬ್ಬರದಂಗಡಿ ಬಾಕಿ ಕೊಡೋ ಮೊದಲು, 20,000 ಆಕೆಯ ಖಾತೆಗೆ. ಬಾಳೆ ದುಡ್ಡು ಬಂದ ದಿನ ಮತ್ತೆ 20,000. ಅಂದರೆ ಮೊದಲ ವರ್ಷವೇ ಆಸ್ಪತ್ರೆ ಹಣ ಸಿದ್ಧ. ಎರಡನೇ ವರ್ಷದ ಎರಡು ಕಂತು ಕೈಸಾಲಕ್ಕೆ ಹೋದರೂ ಇನ್ನೊಂದು 10,000 ಅಸಲು ಉಳಿಯುತ್ತೆ, ಅದು ಮೂರನೇ ವರ್ಷದ ಮೊದಲ ಕಂತಿನಲ್ಲಿ ತೀರುತ್ತೆ. ಅಲ್ಲಿಂದ ಮುಂದೆ, ಬಡ್ಡಿಗೆ ಹೋಗ್ತಿದ್ದ ತಿಂಗಳ 1,500ವೂ ಸೇರಿ, ಒಂದೂವರೆ ಲಕ್ಷ ತುಂಬೋಕೆ ಇನ್ನೆರಡು ವರ್ಷ ಹಿಡಿಯಬಹುದು. ಮಧ್ಯೆ ತೆಗೆದರೆ ಮುಂದಿನ ಬಟವಾಡೆಯಲ್ಲಿ ಮೊದಲು ಅದನ್ನೇ ತುಂಬಬೇಕು.

ಹೋದ ತಿಂಗಳು ಇಬ್ಬರೂ ಹೋಗಿ ಜಂಟಿ ಖಾತೆ ತೆರೆದು ಬಂದರು. ಆಕೆ ಎಟಿಎಂನಲ್ಲಿ ಐನೂರು ರೂಪಾಯಿ ತೆಗೆದು, ತನ್ನ ಫೋನಿನಿಂದ ನನಗೆ ಹತ್ತು ರೂಪಾಯಿ ಕಳಿಸಿದಳು, ನಡೆಯುತ್ತಾ ಅಂತ ನೋಡೋಕೆ. ವರ್ಷಕ್ಕೆರಡು ಸಲ ಹೀಗೆ ಮಾಡಿ ಅಂತ ಹೇಳಿದೀನಿ. ಎರಡು ವರ್ಷ ವ್ಯವಹಾರವೇ ಇಲ್ಲದ ಖಾತೆಯನ್ನ ಬ್ಯಾಂಕು ನಿಷ್ಕ್ರಿಯ ಅಂತ ಗುರುತಿಸುತ್ತೆ, ಆಮೇಲೆ ಕೆವೈಸಿ ಕೊಟ್ಟು ಎಬ್ಬಿಸಬೇಕು. ಕಾರ್ಡಿನ ಅವಧಿ ಮುಗಿದಿರೋದೂ, ಪಿನ್ ಮರೆತಿರೋದೂ ಆ ದಿನವೇ ಗೊತ್ತಾಗುತ್ತೆ. ಮೊತ್ತವನ್ನ ಮಾತ್ರ ಪ್ರತಿ ಯುಗಾದಿಗೆ ಮತ್ತೆ ಲೆಕ್ಕ ಹಾಕಿ, ಯಾಕಂದರೆ ಬೆಳೆ ಬದಲಾದರೆ ಅಂತರವೂ ಬದಲಾಗುತ್ತೆ. ಅವನು ಮುಂದಿನ ವರ್ಷ ಬಾಳೆಯನ್ನ ಅರ್ಧಕ್ಕಿಳಿಸಿ ಉಳಿದರ್ಧಕ್ಕೆ ತರಕಾರಿ ಹಾಕ್ತೀನಿ ಅಂತಿದಾನೆ. ಹಾಗೆ ಮಾಡಿದರೆ ಒಂಬತ್ತು ತಿಂಗಳ ಅಂತರ ನಾಲ್ಕೈದಕ್ಕೆ ಇಳಿಯುತ್ತೆ, ಒಂದೂವರೆ ಲಕ್ಷದ ಬದಲು ಸುಮಾರು ಒಂದು ಲಕ್ಷದ ಹತ್ತು ಸಾವಿರ ಸಾಕಾಗುತ್ತೆ.